ಚೆಂಡು ಉರುಳಿದ ಕೊಳ

ಈಸು ಬಾರದವನು ಈಜುಕೊಳದ ಲೆಕ್ಕ ಹೇಳಬಾರದು ಅಂತ ನನ್ನ ತಂಗಿ ಈಗಲೂ ನಗುತ್ತಾಳೆ. ಅವಳು ನಗುವುದಕ್ಕೆ ಕಾರಣವಿದೆ. ಬೈಲಹೊಂಗಲದಲ್ಲಿ ಕೂತು, ಕೊಳವನ್ನು ಕಣ್ಣಿಂದ ನೋಡದೆ, ಫೋನಿನಲ್ಲೇ ಲೆಕ್ಕ ಹೇಳಿ ನಾನು ತಪ್ಪಿದ್ದೆ. ಆ ತಪ್ಪನ್ನು ಹಿಡಿದದ್ದು ಆರನೇ ಕ್ಲಾಸಿನ ನನ್ನ ಮೊಮ್ಮಗಳು ಮತ್ತು ಅವಳ ಪ್ಲಾಸ್ಟಿಕ್ ಚೆಂಡು. ಮಕ್ಕಳೇ, ಈ ವಾರ ಆ ಕತೆಯನ್ನೇ ಹೇಳಿಬಿಡುತ್ತೇನೆ.

ನಮ್ಮ ಕಾಲದಲ್ಲಿ ಈಸು ಕಲಿಯುವುದೆಂದರೆ ಹೊಲದ ಬಾವಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ದೊಡ್ಡವರು ಮೇಲಿಂದ ತಳ್ಳಿಬಿಡುತ್ತಿದ್ದರು. ನಾನು ಹೆದರಿ ಓಡಿಹೋದವರ ಪೈಕಿ. ಕಿತ್ತೂರಿನಲ್ಲಿರುವ ತಂಗಿಯ ಮಗನಿಗೆ ಹಾಗಾಗಬಾರದು ಅನಿಸಿರಬೇಕು, ಸವದತ್ತಿ ಹತ್ತಿರದ ತನ್ನ ಹೊಲದಲ್ಲಿ ಮಕ್ಕಳಿಗೆ ಈಸು ಕಲಿಸಲೆಂದು ಒಂದು ಕೊಳ ಕಟ್ಟಿಸಿದ. ಬೇಸಿಗೆಯಲ್ಲಿ ಅವನ ಬೋರ್‌ವೆಲ್ ನೀರು ಬೆಳೆಗೇ ಸಾಲುವುದಿಲ್ಲ. ಮೊದಲ ಸಲ ತುಂಬಿಸಲು ಟ್ಯಾಂಕರ್ ನೀರೇ ಗತಿ. ಏಪ್ರಿಲ್‌ನ ಒಂದು ಬೆಳಿಗ್ಗೆ ಅವನ ಫೋನು ಬಂತು.

"ಮಾಮಾ, ಕೊಳಾ ತಯಾರಾತ್ರಿ. ಉದ್ದ 20 ಮೀಟರ್, ಅಗಲ 8. ಈ ಕಡೆ ಗ್ವಾಡಿ 1 ಮೀಟರ್ 15 ಸೆಂಟಿಮೀಟರ್ ಐತಿ, ಆ ಕಡೆ 2 ಮೀಟರ್ 55. ಐದ್ ಸಾವಿರ ಲೀಟರಿನ ಟ್ಯಾಂಕರ್ ಎಷ್ಟ್ ಬೇಕಾಕ್ಕಾವರಿ?"

ಮೊದಲ ಪ್ರಶ್ನೆಯನ್ನು ನಾನು ಸರಿಯಾಗಿಯೇ ಕೇಳಿದೆ. "ಗ್ವಾಡಿ ಎತ್ತರ ಬ್ಯಾಡೋ, ನೀರು ಎಲ್ಲೀತನಾ ನಿಲ್ಲತೈತಿ ಹೇಳು." ಗೋಡೆಯ ತುದಿಗಿಂತ 15 ಸೆಂಟಿಮೀಟರ್ ಕೆಳಗೆ ನೀರಿನ ಗೆರೆ ಎಂದ. ಇಂಥ ಕೊಳವನ್ನು ಅಂಚಿನವರೆಗೆ ತುಂಬಿಸುವುದಿಲ್ಲ. ಹಾಗೆ ತುಂಬಿಸಿದರೆ ಒಬ್ಬ ಹುಡುಗ ಧುಮುಕಿದೊಡನೆ ಬಕೆಟ್‌ಗಟ್ಟಲೆ ನೀರು ಹೊರಗೆ ಹೋಗುತ್ತದೆ. ಆದ್ದರಿಂದ ಗೋಡೆಯ ಎತ್ತರವಲ್ಲ, ನೀರಿನ ಆಳ ಬೇಕು. ಈ ತುದಿಯಲ್ಲಿ 1 ಮೀಟರ್, ಆ ತುದಿಯಲ್ಲಿ 2.4 ಮೀಟರ್. ಈ 15 ಸೆಂಟಿಮೀಟರ್ ಮರೆತಿದ್ದರೆ ಅಲ್ಲೇ 24,000 ಲೀಟರ್, ಅಂದರೆ ಸುಮಾರು ಐದು ಟ್ಯಾಂಕರ್ ತಪ್ಪು ಬರುತ್ತಿತ್ತು.

ಮುಂದಿನ ಲೆಕ್ಕ ಬಾಯಲ್ಲೇ ಆಯಿತು. 1 ಮತ್ತು 2.4 ಕೂಡಿದರೆ 3.4, ಅರ್ಧ ಮಾಡಿದರೆ 1.7. ಇದು ಸರಾಸರಿ ಆಳ. ಉದ್ದ 20, ಅಗಲ 8, ಗುಣಿಸಿದರೆ 160. ಅದನ್ನು 1.7ರಿಂದ ಗುಣಿಸಿದರೆ 272 ಘನ ಮೀಟರ್. ಒಂದು ಘನ ಮೀಟರಿಗೆ ಸಾವಿರ ಲೀಟರ್, ಅಂದರೆ 2,72,000 ಲೀಟರ್. ಐದು ಸಾವಿರದಿಂದ ಭಾಗಿಸಿದರೆ 54.4. "55 ಟ್ಯಾಂಕರ್ ಹೇಳು" ಎಂದು ಫೋನಿಟ್ಟೆ.

ಈ ಸರಾಸರಿಯ ಉಪಾಯ ಯಾಕೆ ಸರಿ ಎನ್ನುವುದನ್ನು ನೀವೇ ಮನೆಯಲ್ಲಿ ನೋಡಬಹುದು. ಹಳೆಯ ನೋಟ್‌ಬುಕ್ಕಿನ ರಟ್ಟು ತೆಗೆದುಕೊಳ್ಳಿ. ಕೊಳವನ್ನು ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಕತ್ತರಿಸಿ. ಮೇಲಿನ ಅಂಚು ನೇರ, ಅದು ನೀರಿನ ಮಟ್ಟ. ಎಡಗಡೆ ಗಿಡ್ಡ ಅಂಚು, ಬಲಗಡೆ ಉದ್ದ ಅಂಚು, ಕೆಳಗೆ ಓರೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ತ್ರಾಪಿಜ್ಯ ಎಂಬ ಹೆಸರಿದೆ. ಅಂಥದ್ದೇ ಇನ್ನೊಂದು ತುಂಡು ಕತ್ತರಿಸಿ, ತಲೆಕೆಳಗಾಗಿ ತಿರುಗಿಸಿ, ಓರೆಗೆ ಓರೆ ಸೇರಿಸಿ. ಗಿಡ್ಡ ಅಂಚಿನ ಕೆಳಗೆ ಉದ್ದ ಅಂಚು, ಉದ್ದ ಅಂಚಿನ ಕೆಳಗೆ ಗಿಡ್ಡ ಅಂಚು ಬಂದು ಒಂದು ಅಚ್ಚುಕಟ್ಟಾದ ಆಯತ ಆಗುತ್ತದೆ. ಅದರ ಎತ್ತರ ಎರಡೂ ಕಡೆ 3.4. ನಮಗೆ ಬೇಕಾದದ್ದು ಎರಡು ತುಂಡಲ್ಲ, ಒಂದೇ ತುಂಡು. ಹಾಗಾಗಿ ಅರ್ಧ. ಸರಾಸರಿ ಎನ್ನುವುದು ಇಲ್ಲಿ ಅಂದಾಜಲ್ಲ, ಕರಾರುವಾಕ್ಕಾದ ಲೆಕ್ಕ.

ಆದರೆ ಗಮನಿಸಿ, ಓರೆಗೆ ಓರೆ ಸೇರಬೇಕು. ಅದಕ್ಕೆ ಆ ಓರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ನೇರ ಗೆರೆಯಾಗಿರಬೇಕು. ನಾನು ಆ ಪ್ರಶ್ನೆ ಕೇಳಲೇ ಇಲ್ಲ.

ಎರಡು ದಿನದ ಮೇಲೆ ರಜೆಗೆಂದು ರಾಮದುರ್ಗದಿಂದ ಮೊಮ್ಮಗಳು ಬಂದಳು. ಕೊಳ ನೋಡಬೇಕೆಂದು ಹಟ ಹಿಡಿದಳು. ಕೆಂಪು ಬಸ್ಸು ಹತ್ತಿ ಸವದತ್ತಿಗೆ ಹೋದೆವು. ಟ್ಯಾಂಕರುಗಳು ಮರುದಿನ ಬರಬೇಕಿತ್ತು. ಕೊಳ ಖಾಲಿಯಿತ್ತು, ಬಿಳಿ ಟೈಲ್ಸು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ದೊಡ್ಡವರು ದಂಡೆಯ ಮೇಲೆ ಚಹಾ ಕುಡಿಯುತ್ತ ಕೂತಾಗ ಅವಳು ಒಳಗೆ ಇಳಿದು, ಕಡಿಮೆ ಆಳದ ತುದಿಯಲ್ಲಿ ಚೆಂಡು ಬಿಟ್ಟಳು. ಚೆಂಡು ಮೆಲ್ಲಗೆ, ಮೈಗಳ್ಳನ ಹಾಗೆ ಉರುಳುತ್ತ ಹೋಯಿತು. ಅರ್ಧ ದಾಟಿತು. ಇನ್ನೂ ಸ್ವಲ್ಪ ಹೋಯಿತು. ಆಮೇಲೆ ಒಮ್ಮೆಲೇ ಯಾರೋ ಒದ್ದಂತೆ ಓಡಿ ಆ ತುದಿಯ ಗೋಡೆಗೆ ಬಡಿಯಿತು.

"ಅಜ್ಜಾ, ಇಲ್ಲೀತನಾ ಸಪಾಟ ಇದ್ದಂಗ ಐತಿ. ಇಲ್ಲಿಂದ ಜಾರಬಂಡಿ ಐತಿ ನೋಡ!"

ನನ್ನ ಚಹಾ ಅಲ್ಲೇ ಉಳಿಯಿತು. ನೇರ ಇಳಿಜಾರಿನ ಮೇಲೆ ಚೆಂಡು ಒಂದೇ ಸಮನೆ ವೇಗ ಕೂಡಿಸಿಕೊಳ್ಳುತ್ತ ಹೋಗಬೇಕು. ನಡುವೆ ಒಮ್ಮೆಲೇ ಓಟ ಬದಲಾಯಿತೆಂದರೆ ಅಲ್ಲಿ ತಳ ಮುರಿದಿದೆ ಎಂದೇ ಅರ್ಥ. ತಂಗಿಯ ಮಗನನ್ನು ಕೇಳಿದರೆ, "ಹೌದ್ರಿ ಮಾಮಾ, ಸಣ್ಣ ಹುಡುಗರು ನಿಲ್ಲಾಕ ಜಾಗಾ ಬೇಕಂತ ಗೌಂಡಿಗೆ ಹಂಗ ಮಾಡಂದಿದ್ದೆ. ನೀವು ಕೇಳಲಿಲ್ಲಲ್ಲ" ಎಂದ. ಮಾತು ಖರೆ. ನಾನು ಎರಡು ಆಳ ಕೇಳಿದೆ, ಅವನು ಎರಡು ಆಳ ಹೇಳಿದ.

ಕೊಳದ ಉದ್ದಕ್ಕೆ ನೀರಿನ ಗೆರೆಯ ಮಟ್ಟದಲ್ಲಿ ಗೌಂಡಿಯ ದಾರ ಬಿಗಿದು ಕಟ್ಟಿದೆವು. ಅಲ್ಲಿಂದ ತೂಕದ ಗುಂಡು ಇಳಿಬಿಟ್ಟು ಟೇಪಿನಿಂದ ಅಳೆದೆವು. ದಾರ ಕಟ್ಟಿದ್ದಕ್ಕೆ ಇನ್ನೊಂದು ಉಪಯೋಗವಿದೆ. ಉದ್ದವನ್ನೂ ದಾರದ ಮೇಲೆಯೇ, ಅಂದರೆ ನೀರಿನ ಮಟ್ಟದಲ್ಲಿ ಅಳೆಯಬೇಕು. ಟೇಪನ್ನು ಓರೆ ತಳದ ಮೇಲೆ ಹಾಸಿದರೆ ಉದ್ದ ಸ್ವಲ್ಪ ಹೆಚ್ಚು ಬರುತ್ತದೆ.

ಮೊದಲು ನಟ್ಟನಡುವೆ, 10 ಮೀಟರಿನಲ್ಲಿ ಅಳೆದೆವು. ತಳ ಒಂದೇ ಓರೆಯಾಗಿದ್ದರೆ ಅಲ್ಲಿ ಸರಾಸರಿಯಷ್ಟೇ, ಅಂದರೆ 1 ಮೀಟರ್ 70 ಇರಬೇಕಿತ್ತು. ಇದ್ದದ್ದು 1 ಮೀಟರ್ 17. ನೆನಪಿಟ್ಟುಕೊಳ್ಳಿ, ಈ ಪರೀಕ್ಷೆಗೆ ಚೆಂಡೂ ಬೇಡ, ಕೊಳ ಖಾಲಿಯೂ ಇರಬೇಕಿಲ್ಲ. ನೀರು ತುಂಬಿದ್ದರೆ ಉದ್ದನೆಯ ಬಿದಿರಿನ ಗಳ ಇಳಿಸಿದರೂ ಸಾಕು. ನಡುವಿನ ಆಳ ಎರಡು ತುದಿಗಳ ಸರಾಸರಿಗೆ ಹೊಂದದಿದ್ದರೆ ಎರಡೇ ಆಳದ ಲೆಕ್ಕವನ್ನು ಅಲ್ಲಿಗೇ ಬಿಡಬೇಕು.

ಆಮೇಲೆ ತಳ ಮುರಿದ ಜಾಗ ಹುಡುಕಿದೆವು. ಮೊಮ್ಮಗಳು ಬರಿಗಾಲಲ್ಲಿ ನಡೆದು ತೋರಿಸಿದಳು. ಕಡಿಮೆ ಆಳದ ತುದಿಯಿಂದ ಸರಿಯಾಗಿ 12 ಮೀಟರ್, ಅಲ್ಲಿ ಆಳ 1.2 ಮೀಟರ್. ಇನ್ನು ಇದು ಒಂದು ಕೊಳವಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು ಕೊಳ ಎಂದುಕೊಳ್ಳಿ. ನಡುವೆ ಕಾಣದ ಒಂದು ಗೋಡೆ ಇದೆ. ಪ್ರತಿಯೊಂದರ ತಳವೂ ನೇರ ಓರೆ, ಹಾಗಾಗಿ ಪ್ರತಿಯೊಂದಕ್ಕೂ ಸರಾಸರಿಯ ಉಪಾಯ ನಡೆಯುತ್ತದೆ.

ಮೊದಲನೆಯದು 12 ಮೀಟರ್ ಉದ್ದ, ಆಳ 1ರಿಂದ 1.2. ಸರಾಸರಿ 1.1. ಹನ್ನೆರಡೆಂಟ್ಲೆ 96, ಅದನ್ನು 1.1ರಿಂದ ಗುಣಿಸಿದರೆ 105.6 ಘನ ಮೀಟರ್. ಎರಡನೆಯದು 8 ಮೀಟರ್ ಉದ್ದ, ಆಳ 1.2ರಿಂದ 2.4. ಸರಾಸರಿ 1.8. ಎಂಟೆಂಟ್ಲೆ 64, ಅದನ್ನು 1.8ರಿಂದ ಗುಣಿಸಿದರೆ 115.2. ಎರಡೂ ಕೂಡಿ 220.8 ಘನ ಮೀಟರ್, ಅಂದರೆ 2,20,800 ಲೀಟರ್. 44 ಟ್ಯಾಂಕರ್, ಮೇಲೊಂದಿಷ್ಟು ಕೊಡಗಳು. ನಾನು ಹೇಳಿದ್ದು 55.

ತಂಗಿಯ ಮಗ ಜಾಣ. "ಮಾಮಾ, ಅಷ್ಟ್ಯಾಕ ತ್ರಾಸು? ಮೂರೂ ಆಳ ಕೂಡಿಸಿ ಮೂರಿಂದ ಭಾಗಿಸಿದ್ರ ಆತಿಲ್ರಿ?" ಎಂದ. ಮಾಡಿ ನೋಡಿದೆವು. 1, 1.2, 2.4 ಕೂಡಿದರೆ 4.6, ಮೂರರಿಂದ ಭಾಗಿಸಿದರೆ 1.53. ಗುಣಿಸಿದರೆ 245 ಘನ ಮೀಟರ್. ಇದೂ ತಪ್ಪು, ಐದು ಟ್ಯಾಂಕರಿನಷ್ಟು ಹೆಚ್ಚು. ಯಾಕೆಂದರೆ ಆ ಮೂರು ಆಳಗಳಿಗೆ ಕೊಳದಲ್ಲಿ ಸಮಪಾಲಿಲ್ಲ. ಕಡಿಮೆ ಆಳದ ನೀರು 12 ಮೀಟರ್ ಉದ್ದಕ್ಕೆ ಹರಡಿದೆ, ಹೆಚ್ಚು ಆಳದ್ದು 8 ಮೀಟರಿಗೆ ಮಾತ್ರ. 2.4 ಮೀಟರ್ ಆಳವಂತೂ ಕೊನೆಯ ಗೋಡೆಯ ಬುಡದಲ್ಲಿ ಮಾತ್ರ ಇದೆ. ಮೂವರು ಮಕ್ಕಳಿಗೆ ಊಟ ಬಡಿಸುವಾಗ ಸಮನಾಗಿ ಹಂಚಿದರೆ ನ್ಯಾಯ, ಇಲ್ಲಿ ಹಾಗಲ್ಲ.

ತಪ್ಪು ಯಾವಾಗಲೂ ಹೆಚ್ಚಿನ ಕಡೆಗೇ ಬೀಳುತ್ತದೆ ಎಂದೂ ತಿಳಿಯಬೇಡಿ. ನಮ್ಮ ಕೊಳದಲ್ಲಿ ಕಡಿಮೆ ಆಳದ ಭಾಗ ಉದ್ದವಾಗಿತ್ತು, ಹಾಗಾಗಿ ನನ್ನ ಲೆಕ್ಕಕ್ಕಿಂತ ನೀರು ಕಡಿಮೆ ಸಾಕಾಯಿತು. ಬೇಗ ಆಳಕ್ಕಿಳಿದು ಆಮೇಲೆ ಸಪಾಟಾಗಿ ಹೋಗುವ ಕೊಳವಾದರೆ ನೀರು ಲೆಕ್ಕಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಅಷ್ಟಾದರೂ ಅವನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಒಮ್ಮೆ ತಪ್ಪಿದ ಮಾಮಾ ಇನ್ನೊಮ್ಮೆ ತಪ್ಪಲಾರನೇ? ಹಾಗಾಗಿ ನೀರೇ ಸಾಕ್ಷಿ ಹೇಳಲಿ ಎಂದು ಒಂದು ಪರೀಕ್ಷೆ ಇಟ್ಟೆ. ಕೊಳದ ಮೇಲಿನ 1 ಮೀಟರ್ ನೀರು ಒಂದು ನೇರವಾದ ಪೆಟ್ಟಿಗೆಯ ಹಾಗೆ. 20 ಉದ್ದ, 8 ಅಗಲ, 1 ಆಳ, ಒಟ್ಟು 160 ಘನ ಮೀಟರ್. ಅದಕ್ಕೆ 32 ಟ್ಯಾಂಕರ್. ಇದರಲ್ಲಿ ಯಾರದೂ ತಕರಾರಿಲ್ಲ, ತಳ ಹೇಗಿದ್ದರೂ ಇದು ಬದಲಾಗುವುದಿಲ್ಲ. ಜಗಳ ಇರುವುದು ಅದರ ಕೆಳಗಿನ ತಗ್ಗಿನ ಬಗ್ಗೆ. ನನ್ನ ಹಳೆಯ ಲೆಕ್ಕ ಸರಿಯಾಗಿದ್ದರೆ ಆ ತಗ್ಗಿಗೆ 112 ಘನ ಮೀಟರ್ ಬೇಕು, 23ನೇ ಟ್ಯಾಂಕರ್ ಸುರಿಯುವಾಗ ನೀರು ಕಡಿಮೆ ಆಳದ ಗೋಡೆಯ ಬುಡ ಮುಟ್ಟಬೇಕು. ಹೊಸ ಲೆಕ್ಕ ಸರಿಯಾಗಿದ್ದರೆ 60.8 ಸಾಕು, 13ನೇ ಟ್ಯಾಂಕರಿಗೇ ಮುಟ್ಟಬೇಕು.

ಮರುದಿನ ಬೆಳಿಗ್ಗೆಯಿಂದ ಟ್ರ್ಯಾಕ್ಟರುಗಳು ಬರತೊಡಗಿದವು. ಮೊಮ್ಮಗಳು ಇದ್ದಿಲಿನಿಂದ ಗೋಡೆಯ ಮೇಲೆ ಗೀರು ಎಳೆದು ಎಣಿಸುತ್ತಿದ್ದಳು. ನೀರು ಮೊದಲು ಆಳದ ಮೂಲೆಯಲ್ಲಿ ಬೇಗಬೇಗ ಏರಿತು, ಮುರಿದ ಜಾಗ ದಾಟಿದ ಮೇಲೆ ಕಡಿಮೆ ಇಳಿಜಾರಿನ ಮೇಲೆ ಹಾಳೆಯ ಹಾಗೆ ತೆಳ್ಳಗೆ ಹರಡುತ್ತ ಬಂತು. ಹದಿಮೂರನೆಯ ಟ್ಯಾಂಕರಿನ ಪೈಪು ತೆರೆದಾಗ ಅವಳು ಆ ಗೋಡೆಯ ಬುಡದಲ್ಲೇ ಬರಿಗಾಲಲ್ಲಿ ನಿಂತಿದ್ದಳು. ಟ್ಯಾಂಕರ್ ಖಾಲಿಯಾಗುವ ಮೊದಲೇ ಕಿರುಚಿದಳು. ಕಾಲ್ಬೆರಳು ಒದ್ದೆಯಾಗಿದ್ದವು.

ತಂಗಿಯ ಮಗ ಮರುಮಾತಿಲ್ಲದೆ ಫೋನು ತೆಗೆದು ಕೊನೆಯ ಹತ್ತು ಟ್ಯಾಂಕರ್ ಬೇಡವೆಂದು ಹೇಳಿದ. ಹತ್ತು ಟ್ಯಾಂಕರ್ ಎಂದರೆ 50,000 ಲೀಟರ್. ಆ ನೀರು ಬರುತ್ತಿದ್ದುದು ಪಕ್ಕದ ಹೊಲದವರ ಬಾವಿಯಿಂದ, ಅದೂ ಏಪ್ರಿಲ್‌ನಲ್ಲಿ. ತಂದ ನೀರನ್ನು ಮರಳಿ ಬಾವಿಗೆ ಸುರಿಯಲು ಬರುತ್ತದೆಯೇ?

ಮುಂದೆ ಪ್ರತಿ ಟ್ಯಾಂಕರಿಗೂ ನೀರು 3 ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು ಏರುತ್ತ ಹೋಯಿತು. 5 ಘನ ಮೀಟರನ್ನು 160 ಚದರ ಮೀಟರಿನಿಂದ ಭಾಗಿಸಿದರೆ ನಿಮಗೂ ಅದೇ ಉತ್ತರ ಬರುತ್ತದೆ. ತಳ ಪೂರ್ತಿ ಮುಳುಗಿದ ಮೇಲೆ ಏರಿಕೆ ಹೀಗೆ ಒಂದೇ ಸಮ. ಒಂದು ಟ್ಯಾಂಕರಿಗೆ ಏರಿಕೆ ಕಡಿಮೆಯಾದರೆ ಟ್ಯಾಂಕರ್ ಪೂರ್ತಿ ತುಂಬಿರಲಿಲ್ಲ ಎಂದು ಗೀರೇ ಹೇಳುತ್ತದೆ. ದಾರಿಯಲ್ಲಿ ಚೆಲ್ಲಿದ್ದೂ ಸೇರಿ 45ನೆಯದು ಅರ್ಧ ಸುರಿಯುವಷ್ಟರಲ್ಲಿ ಗೆರೆ ಮುಟ್ಟಿತು. ನೀರು ಶುದ್ಧ ಮಾಡುವ ಕ್ಲೋರಿನ್ನಿಗೂ ಇದೇ ಅಂಕಿ ಬೇಕು. ಒಂದು ಲೀಟರಿಗೆ 1 ಮಿಲಿಗ್ರಾಂ ಬೇಕೆಂದರೆ ಒಂದು ಘನ ಮೀಟರಿಗೆ 1 ಗ್ರಾಂ. ಹಳೆಯ ಲೆಕ್ಕ ಹಿಡಿದಿದ್ದರೆ 221 ಗ್ರಾಂ ಬೇಕಾದಲ್ಲಿ 272 ಗ್ರಾಂ ಬೀಳುತ್ತಿತ್ತು.

ಟ್ಯಾಂಕರ್ ಉಳಿದದ್ದಕ್ಕಿಂತ ನನಗೆ ಸಮಾಧಾನ ತಂದದ್ದು ಬೇರೆ. ತಳ ಒಂದೇ ಓರೆ ಎಂದು ನಂಬಿದ್ದಾಗ ಮೀಟರಿಗೆ 7 ಸೆಂಟಿಮೀಟರ್ ಇಳಿಯುತ್ತದೆ ಎಂದುಕೊಂಡಿದ್ದೆ. ನಿಜವಾಗಿ ಮೊದಲ 12 ಮೀಟರಿನಲ್ಲಿ ಇಳಿತ ಮೀಟರಿಗೆ 2 ಸೆಂಟಿಮೀಟರ್ ಕೂಡ ಇಲ್ಲ, ಕಾಲಿಗೆ ಗೊತ್ತೇ ಆಗುವುದಿಲ್ಲ. ಅದಾದ ಮೇಲೆ ಮೀಟರಿಗೆ 15. ನನ್ನ ಮೊಮ್ಮಗಳ ಎತ್ತರ 1 ಮೀಟರ್ 32. ಹನ್ನೆರಡು ಮೀಟರ್ ಆರಾಮಾಗಿ ನಡೆದು ಧೈರ್ಯ ಬಂದ ಮಗು ಇನ್ನೊಂದು ಮೀಟರ್ ಮುಂದೆ ಹೋದರೆ ಅಲ್ಲಿ 1 ಮೀಟರ್ 35 ನೀರು, ತಲೆಯ ಮೇಲೆ. ಎರಡು ಮೀಟರ್ ಹೋದರೆ ಒಂದೂವರೆ ಮೀಟರ್. ಒದ್ದೆ ಟೈಲ್ಸಿನ ಮೇಲೆ ಕಾಲು ಜಾರಿದರೆ ಹಿಂದೆ ಬರುವುದು ಕಷ್ಟ. ಆ ಸಂಜೆಯೇ 11ನೇ ಮೀಟರಿನಲ್ಲಿ, ಅಂದರೆ ಮುರಿದ ಜಾಗಕ್ಕೆ ಒಂದು ಮೀಟರ್ ಮೊದಲೇ, ತೇಲುಬೆಂಡು ಪೋಣಿಸಿದ ಹಗ್ಗ ಅಡ್ಡ ಕಟ್ಟಿಸಿದೆವು. ದಂಡೆಯ ಮೇಲೆ ಅಲ್ಲಲ್ಲಿ ಆಳ ಬರೆಸಿದೆವು. ಈಸು ಬಾರದವರು ಹಗ್ಗ ದಾಟುವಂತಿಲ್ಲ. ನಾನೂ ದಾಟುವಂತಿಲ್ಲವಂತೆ, ಮೊಮ್ಮಗಳ ಅಪ್ಪಣೆ.

ಹೀಗೆ ಅಳೆಯುವ ಬುದ್ಧಿ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಅಗೆದ ಗುಂಡಿಗಳ ಲೆಕ್ಕಕ್ಕೇ ಒಂದು ಅಧ್ಯಾಯವಿದೆ. 1150ರಲ್ಲಿ ಬಂದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, ಗುಂಡಿ ಒಂದೇ ಸಮನಾಗಿಲ್ಲದಿದ್ದರೆ ಹಲವು ಕಡೆ ಅಳೆದು, ಕೂಡಿ, ಅಳೆದ ಕಡೆಗಳ ಸಂಖ್ಯೆಯಿಂದ ಭಾಗಿಸಿ ಎಂದು ಹೇಳಿದೆ. ನಾನು ಎರಡೇ ಕಡೆ ಕೇಳಿ ಕೈಬಿಟ್ಟಿದ್ದೆ.

ಲೀಲಾವತಿಯಲ್ಲಿ ಇನ್ನೊಂದು ಲೆಕ್ಕವಿದೆ, ಅದು ನಮ್ಮ ಕಡೆಯ ಕೃಷಿಹೊಂಡಕ್ಕೆ ಹೇಳಿಮಾಡಿಸಿದಂತಿದೆ. ಕೊಳದಲ್ಲಿ ಗೋಡೆಗಳು ನೇರ, ಬದಲಾಗುವುದು ಆಳ ಮಾತ್ರ. ಹೊಂಡದಲ್ಲಿ ನಾಲ್ಕೂ ಬದಿ ಓರೆ, ಕೆಳಗೆ ಹೋದಂತೆ ಉದ್ದವೂ ಅಗಲವೂ ಜೊತೆಯಾಗಿ ಕಡಿಮೆಯಾಗುತ್ತವೆ. ಅಲ್ಲಿ ಬರೀ ಸರಾಸರಿ ನಡೆಯುವುದಿಲ್ಲ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ಇದೆ ಎನ್ನಿ. ಬದಿಗಳ ಸರಾಸರಿ 9 ಹಿಡಿದರೆ 243 ಘನ ಮೀಟರ್ ಬರುತ್ತದೆ, ವಿಸ್ತೀರ್ಣಗಳ ಸರಾಸರಿ 90 ಹಿಡಿದರೆ 270. ಎರಡೂ ತಪ್ಪು. ಭಾಸ್ಕರಾಚಾರ್ಯರ ದಾರಿ ಹೀಗೆ. ಮೇಲಿನ ವಿಸ್ತೀರ್ಣ 144, ತಳದ್ದು 36. ಮೇಲಿನ ಮತ್ತು ತಳದ ಬದಿಗಳನ್ನು ಕೂಡಿದರೆ 18, ಆ 18ರ ಚೌಕದ ವಿಸ್ತೀರ್ಣ 324. ಮೂರನ್ನೂ ಕೂಡಿದರೆ 504. ಆರರಿಂದ ಭಾಗಿಸಿ, 84. ಆಳ 3ರಿಂದ ಗುಣಿಸಿ, 252. ಇದು ಸರಿಯಾದ ಉತ್ತರ. ಯಾಕೆ ಆರು ಎನ್ನುವುದು ಇನ್ನೊಂದು ವಾರದ ಮಾತು. ರಟ್ಟಿನ ಬದಲು ಆಗ ಹಸಿ ಮಣ್ಣು ಬೇಕಾಗುತ್ತದೆ.

ಈ ವಾರ ನಿಮಗೊಂದು ಕೊಳ. ಉದ್ದ 15 ಮೀಟರ್, ಅಗಲ 6. ಮೊದಲ 5 ಮೀಟರ್ ಪೂರ್ತಿ ಸಪಾಟು, ಅಲ್ಲಿ ನೀರಿನ ಆಳ 0.9 ಮೀಟರ್. ಅಲ್ಲಿಂದ ಒಂದೇ ನೇರ ಓರೆಯಲ್ಲಿ ಇಳಿದು ಕೊನೆಯ ಗೋಡೆಯ ಬಳಿ 2.1 ಮೀಟರ್. ಎಷ್ಟು ಲೀಟರ್ ನೀರು ಹಿಡಿಯುತ್ತದೆ? ಖಾಲಿ ಕೊಳಕ್ಕೆ ನೀರು ಬಿಡುತ್ತ ಹೋದರೆ ಎಷ್ಟು ಲೀಟರ್ ಆದಾಗ ಸಪಾಟು ಜಾಗದಲ್ಲಿ ನಿಂತವರ ಕಾಲ್ಬೆರಳು ಒದ್ದೆಯಾಗುತ್ತವೆ? ಗುಣಾಕಾರಕ್ಕೆ ಕೈಹಾಕುವ ಮೊದಲು ಪಕ್ಕದಿಂದ ಕಾಣುವ ಚಿತ್ರ ಬಿಡಿಸಿಕೊಳ್ಳಿ. ಉತ್ತರ ಮುಂದಿನ ವಾರ.